ಸಂಘದ ಪಾಸ್‌ಬುಕ್ ಓದುವುದು ಹೇಗೆ? ಒಬ್ಬ ಸದಸ್ಯೆಯ ಒಂದು ವರ್ಷದ ಲೆಕ್ಕ, ಸಾಲು ಸಾಲಾಗಿ

"ತಿಂಗಳಾ ತಿಂಗಳಾ ಕಟ್ಟುತ್ತೇನೆ, ಬರೆದೂ ಕೊಡುತ್ತಾರೆ. ಆದರೆ ನನ್ನ ದುಡ್ಡು ಎಷ್ಟಿದೆ ಅಂತ ಮಾತ್ರ ಗೊತ್ತಾಗಲ್ಲ." ಸ್ವಸಹಾಯ ಸಂಘದ ಲೆಕ್ಕದ ಬಗ್ಗೆ ಬರೆದಾಗಲೆಲ್ಲ ಈ ಮಾತು ಬರುತ್ತದೆ. ಅದರ ಹಿಂದೆಯೇ ಇನ್ನೆರಡು. "ಇಷ್ಟು ಕಟ್ಟಿದರೂ ಸಾಲ ಯಾಕೆ ಇಳಿದಿಲ್ಲ?" "ನಾನು ಸಾವಿರಕ್ಕಿಂತ ಜಾಸ್ತಿ ಬಡ್ಡಿ ಕಟ್ಟಿದೆ, ವರ್ಷದ ಕೊನೆಗೆ ಕೈಗೆ ಬಂದದ್ದು 600. ಉಳಿದದ್ದು ಎಲ್ಲಿ ಹೋಯಿತು?"

ಮೂರಕ್ಕೂ ಉತ್ತರ ಪಾಸ್‌ಬುಕ್ಕಿನಲ್ಲೇ ಇರುತ್ತದೆ. ಅದಕ್ಕೇ ಇಲ್ಲಿ ಒಬ್ಬ ಸದಸ್ಯೆಯ ಒಂದು ವರ್ಷದ ಪುಟವನ್ನು ಬಿಡಿಸಿ ನೋಡೋಣ. ಸಂಖ್ಯೆಗಳು ಉದಾಹರಣೆಗೆ ಹಾಕಿದವು, ಲೆಕ್ಕದ ರೀತಿ ಮಾತ್ರ ಸಂಘಗಳಲ್ಲಿ ನಡೆಯುವಂಥದ್ದೇ. ಈ ಅಕ್ಕನ ಸಂಘದಲ್ಲಿ 15 ಜನ. ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ. ಪ್ರತಿ ತಿಂಗಳು 10ನೇ ತಾರೀಖು ಸಭೆ. ಸಂಘದೊಳಗಿನ ಸಾಲಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿ.

ಶುರು ಮಾಡುವ ಮುಂಚೆ ಪಾಸ್‌ಬುಕ್, ಒಂದು ಪೆನ್ಸಿಲ್, ಮೊಬೈಲಿನ ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ. ಪೆನ್ ಬೇಡ. ಪಾಸ್‌ಬುಕ್ಕಿನಲ್ಲಿ ನಾವಾಗಿ ಪೆನ್ನಿನಿಂದ ಏನನ್ನೂ ಬರೆಯಬಾರದು. ಪೆನ್ಸಿಲ್ ಗುರುತಾದರೆ ಆಮೇಲೆ ಅಳಿಸಬಹುದು.

1. ಕೈಯಲ್ಲಿರುವುದು ಯಾವ ಪಾಸ್‌ಬುಕ್ ಅಂತ ಮೊದಲು ನೋಡಿ

ಸಂಘದ ವಿಷಯದಲ್ಲಿ ಎರಡು ಪಾಸ್‌ಬುಕ್ ಇರುತ್ತವೆ. ಒಂದು ಬ್ಯಾಂಕಿನದು. ಅದು ಸಂಘದ ಹೆಸರಿನ ಎಸ್‌ಬಿ ಖಾತೆಯದು, ಸಂಘದ್ದು ಒಂದೇ ಪುಸ್ತಕ. ಇನ್ನೊಂದು ಪ್ರತಿ ಸದಸ್ಯೆಗೂ ಸಂಘವೇ ಕೊಡುವ ಸಣ್ಣ ಪುಸ್ತಕ. ನಾವು ಇಲ್ಲಿ ಓದುತ್ತಿರುವುದು ಈ ಎರಡನೆಯದನ್ನು.

ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರು ಹುಡುಕಿದರೆ ಸಿಗುವುದಿಲ್ಲ. ಬ್ಯಾಂಕಿಗೆ ಸಂಘ ಮಾತ್ರ ಗೊತ್ತು, ನಿಮ್ಮ 200 ರೂಪಾಯಿ ಯಾವುದು ಅಂತ ಗೊತ್ತಿಲ್ಲ. ಆದ್ದರಿಂದ ಸಂಘದ ಒಳಗೆ ನಿಮ್ಮ ದುಡ್ಡಿಗೆ ನಿಮ್ಮ ಕೈಯಲ್ಲಿರುವ ದಾಖಲೆ ಅಂದರೆ ಈ ಸಣ್ಣ ಪುಸ್ತಕವೇ. ಅದು ನಿಮ್ಮ ಮನೆಯಲ್ಲಿರಬೇಕು. "ಎಲ್ಲರದೂ ಒಟ್ಟಿಗೇ ಇರಲಿ, ಬರೆಯೋಕೆ ಅನುಕೂಲ" ಅಂತ ಹದಿನೈದು ಪಾಸ್‌ಬುಕ್ಕೂ ಒಬ್ಬರ ಮನೆಯ ಟ್ರಂಕಿನಲ್ಲಿ ಇರುವ ಸಂಘಗಳು ಎಷ್ಟೋ ಇವೆ. ಅನುಕೂಲ ನಿಜ, ಆದರೆ ಹಾಗಿಟ್ಟರೆ ತಾಳೆ ನೋಡಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಪುಸ್ತಕದ ಅಚ್ಚು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಕರ್ನಾಟಕದಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳದ್ದು ಒಂದು ನಮೂನೆಯಾದರೆ, ಸಂಜೀವಿನಿ ಯೋಜನೆಯ ಸಂಘಗಳದ್ದು ಇನ್ನೊಂದು. ಸ್ವಯಂಸೇವಾ ಸಂಸ್ಥೆಗಳು ಕಟ್ಟಿದ ಸಂಘಗಳಲ್ಲಿ ಮತ್ತೊಂದು. ಕಾಲಂಗಳ ಜಾಗ ಬದಲಾಗಬಹುದು, ಹೆಸರೂ ಸ್ವಲ್ಪ ಬೇರೆ ಇರಬಹುದು. ಒಳಗಿನ ಲೆಕ್ಕ ಒಂದೇ.

ಮೊದಲ ಪುಟದಲ್ಲಿ ನಾಲ್ಕು ವಿಷಯ ನೋಡಿಕೊಳ್ಳಿ: ನಿಮ್ಮ ಸದಸ್ಯತ್ವದ ನಂಬರ್, ಸೇರಿದ ತಾರೀಖು, ತಿಂಗಳ ಉಳಿತಾಯ ಎಷ್ಟು, ಬಡ್ಡಿ ದರ ಎಷ್ಟು. ಬಡ್ಡಿ ದರದ ಜಾಗದಲ್ಲಿ ಕೆಲವು ಕಡೆ "24%" ಅಂತ ಬರೆದಿರುತ್ತಾರೆ. ಅದನ್ನು ನೋಡಿ ಗಾಬರಿಯಾಗುವವರಿದ್ದಾರೆ. ಅದು ವರ್ಷದ ಲೆಕ್ಕ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೂ ಅದೇ. ನೂರಕ್ಕೆ ಒಂದು ರೂಪಾಯಿ ಇದ್ದರೆ 12% ಅಂತ ಬರೆದಿರುತ್ತಾರೆ.

2. ಉಳಿತಾಯದ ಕಾಲಂ

ಇದು ಎಲ್ಲಕ್ಕಿಂತ ಸುಲಭ. "ಈ ತಿಂಗಳ ಉಳಿತಾಯ" ಅಂತ ಒಂದು ಕಾಲಂ, "ಒಟ್ಟು ಉಳಿತಾಯ" ಅಂತ ಪಕ್ಕದಲ್ಲಿ ಇನ್ನೊಂದು. ಮೇಲಿನ ಸಾಲಿನ ಒಟ್ಟಿಗೆ ಈ ತಿಂಗಳದ್ದು ಕೂಡಿಸಿದರೆ ಈ ಸಾಲಿನ ಒಟ್ಟು ಬರಬೇಕು.

ನಮ್ಮ ಅಕ್ಕ ಏಪ್ರಿಲ್ 2022ರಲ್ಲಿ ಸೇರಿದವರು. ಮಾರ್ಚ್ 2024ಕ್ಕೆ 24 ತಿಂಗಳು, 24 ಇಂಟು 200, ಅಂದರೆ 4,800. ಏಪ್ರಿಲ್ 2024ರ ಸಾಲಿನಲ್ಲಿ 5,000 ಅಂತ ಇರಬೇಕು. ಇದೆ.

ಹೀಗೆ ಪ್ರತಿ ಸಾಲನ್ನೂ ಕೂಡಿಸುತ್ತ ಕೂರಬೇಕಾಗಿಲ್ಲ. ಸೇರಿ ಎಷ್ಟು ತಿಂಗಳಾಯಿತು ಅಂತ ಎಣಿಸಿ, 200ರಿಂದ ಗುಣಿಸಿ. ಬಂದ ಉತ್ತರವೂ ಕೊನೆಯ ಸಾಲೂ ಒಂದೇ ಆದರೆ ಉಳಿತಾಯ ಸರಿ ಇದೆ. ನಡುವೆ ಯಾವಾಗಲಾದರೂ ಉಳಿತಾಯದ ಮೊತ್ತ 100ರಿಂದ 200ಕ್ಕೆ ಏರಿಸಿದ್ದರೆ ಆ ಎರಡು ಭಾಗವನ್ನು ಬೇರೆ ಬೇರೆ ಗುಣಿಸಿ ಕೂಡಿಸಿ.

ತಪ್ಪು ಸಾಮಾನ್ಯವಾಗಿ ಆಗುವುದು ಪುಟ ತಿರುಗಿಸುವಾಗ. ಪುಟದ ಕೊನೆಯ ಒಟ್ಟನ್ನು ಮುಂದಿನ ಪುಟದ ತಲೆಯಲ್ಲಿ "ಹಿಂದಿನ ಪುಟದಿಂದ ತಂದದ್ದು" ಅಂತ ಬರೆಯಬೇಕು. ಆ ಒಂದು ಸಂಖ್ಯೆ ತಪ್ಪಿದರೆ ಅಲ್ಲಿಂದಾಚೆ ಪ್ರತಿ ಸಾಲೂ ಕೂಡಿಕೆಯಲ್ಲಿ ಸರಿಯಾಗಿಯೇ ಕಾಣುತ್ತದೆ, ಒಟ್ಟು ಮಾತ್ರ ತಪ್ಪಿರುತ್ತದೆ. ನಮ್ಮ ಅಮ್ಮನ ಪುಸ್ತಕದಲ್ಲಿ 3,600 ಹೋಗಿ 3,000 ಆಗಿತ್ತು. ಯಾರೂ ದುಡ್ಡು ತಿಂದಿರಲಿಲ್ಲ. ಸಂಜೆ ಏಳಕ್ಕೆ ಕರೆಂಟಿಲ್ಲದಾಗ ಬರೆದ ಆರು ಸೊನ್ನೆಯ ಹಾಗೆ ಕಂಡಿತ್ತು, ಅಷ್ಟೇ. ಒಂಬತ್ತು ತಿಂಗಳು ನಾವೂ ನೋಡಿರಲಿಲ್ಲ. ಹೊಸ ಪುಸ್ತಕ ಕೊಟ್ಟಾಗಲಂತೂ ಹಳೆಯದನ್ನು ಬಿಸಾಡಲೇಬೇಡಿ. ಹಳೆಯದರ ಕೊನೆ ಸಾಲನ್ನೂ ಹೊಸದರ ಮೊದಲ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ.

3. ಸಾಲದ ಕಾಲಂಗಳು: ಮೊದಲು ಬಡ್ಡಿ, ಆಮೇಲೆ ಅಸಲು

ಆಂತರಿಕ ಸಾಲ ಅಂದರೆ ಸಂಘದ ಸ್ವಂತ ದುಡ್ಡಿನಿಂದ, ಅಂದರೆ ಎಲ್ಲರ ಉಳಿತಾಯ ಮತ್ತು ಕೂಡಿಬಂದ ಬಡ್ಡಿಯಿಂದ, ಸದಸ್ಯೆಗೆ ಕೊಡುವ ಸಾಲ. ಬ್ಯಾಂಕಿನಿಂದ ಸಂಘದ ಮೂಲಕ ಬಂದ ಸಾಲವಾಗಲಿ, ಒಕ್ಕೂಟದಿಂದ ಬಂದ ಸಾಲವಾಗಲಿ ಇದಲ್ಲ. ಅವುಗಳಿಗೆ ಪಾಸ್‌ಬುಕ್ಕಿನಲ್ಲಿ ಬೇರೆ ಪುಟ ಇರಬೇಕು, ಯಾಕೆಂದರೆ ದರ ಬೇರೆ, ಕಂತು ಬೇರೆ. ಒಂದೇ ಪುಟದಲ್ಲಿ ಎರಡೂ ಸಾಲ ಬೆರೆಸಿ ಬರೆದಿದ್ದರೆ ಓದುವ ಪ್ರಯತ್ನ ಬಿಡಿ. ಮೊದಲು ಬೇರೆ ಮಾಡಿಸಿಕೊಳ್ಳಿ.

ಅಕ್ಕ ಮೇ 10ರಂದು 10,000 ಸಾಲ ತೆಗೆದುಕೊಂಡರು. ತಿಂಗಳಿಗೆ 1,000 ಅಸಲು, ಹತ್ತು ಕಂತು. ಅಸಲು ಅಂದರೆ ತೆಗೆದುಕೊಂಡ ಮೂಲ ಮೊತ್ತ. ಮೊದಲ ಆರು ತಿಂಗಳ ಪುಟ ಹೀಗಿದೆ:

| ತಾರೀಖು | ಉಳಿತಾಯ | ಒಟ್ಟು ಉಳಿತಾಯ | ಕೊಟ್ಟ ಸಾಲ | ಕಟ್ಟಿದ ಬಡ್ಡಿ | ಕಟ್ಟಿದ ಅಸಲು | ಸಾಲ ಬಾಕಿ |
|---|---|---|---|---|---|---|
| 10 ಏಪ್ರಿಲ್ | 200 | 5,000 | – | – | – | – |
| 10 ಮೇ | 200 | 5,200 | 10,000 | – | – | 10,000 |
| 10 ಜೂನ್ | 200 | 5,400 | – | 200 | 1,000 | 9,000 |
| 10 ಜುಲೈ | 200 | 5,600 | – | 180 | 1,000 | 8,000 |
| 10 ಆಗಸ್ಟ್ | 200 | 5,800 | – | 160 | 140 | 7,860 |
| 10 ಸೆಪ್ಟೆಂಬರ್ | 200 | 6,000 | – | 157 | 1,860 | 6,000 |

ಮೇ ತಿಂಗಳ ಸಾಲಿನಿಂದ ಶುರು ಮಾಡಿ. ಕೈಗೆ ಬಂದದ್ದು ಎಷ್ಟು, ಬರೆದದ್ದು ಎಷ್ಟು ಅಂತ ನೋಡಿ. ಕೆಲವು ಕಡೆ ಆ ತಿಂಗಳ ಉಳಿತಾಯ 200 ಹಿಡಿದುಕೊಂಡು 9,800 ಕೈಗೆ ಕೊಡುತ್ತಾರೆ. ಆಗ ಸಾಲ 10,000 ಅಂತಲೂ ಉಳಿತಾಯ 200 ಅಂತಲೂ ಎರಡೂ ಬರೆದಿದ್ದರೆ ತೊಂದರೆಯಿಲ್ಲ. ಸಾಲ 10,000 ಬರೆದು ಉಳಿತಾಯದ ಜಾಗ ಖಾಲಿ ಇದ್ದರೆ ನಿಮ್ಮ 200 ಹೋಯಿತು ಅಂತ ಅರ್ಥ. ಮೊದಲ ತಿಂಗಳ ಬಡ್ಡಿಯನ್ನು ಮುಂಗಡವಾಗಿ ಹಿಡಿದಿದ್ದರೂ ಹಾಗೆಯೇ. ಹಿಡಿದಿದ್ದೇ ಆದರೆ ಬಡ್ಡಿಯ ಕಾಲಂನಲ್ಲಿ ಕಾಣಬೇಕು, ಜೂನ್ 10ರಂದು ಅದೇ ಬಡ್ಡಿಯನ್ನು ಮತ್ತೆ ಕೇಳಬಾರದು.

ಇನ್ನು ಜೂನ್. ಹಿಂದಿನ ಸಾಲಿನ ಬಾಕಿ 10,000. ಅದಕ್ಕೆ ನೂರಕ್ಕೆ ಎರಡರಂತೆ 200 ಬಡ್ಡಿ. ಅಸಲು 1,000 ಕಟ್ಟಿದರು, ಬಾಕಿ 9,000. ಜುಲೈಯಲ್ಲಿ ಬಡ್ಡಿ 9,000ಕ್ಕೆ ಮಾತ್ರ, ಅಂದರೆ 180. ಹೀಗೆ ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವುದನ್ನು ಇಳಿಕೆ ಬಾಕಿಯ ಬಡ್ಡಿ ಎನ್ನುತ್ತಾರೆ. ಈ ಒಂದು ಸೂತ್ರ ಸಾಕು: ಈ ಸಾಲಿನ ಬಡ್ಡಿ ನೋಡಬೇಕಾದರೆ ಕಣ್ಣು ಮೇಲಿನ ಸಾಲಿನ ಬಾಕಿಯ ಕಡೆ ಹೋಗಬೇಕು, ಅದೇ ಸಾಲಿನ ಬಾಕಿಯ ಕಡೆ ಅಲ್ಲ. ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ. "9,000ಕ್ಕೆ 180 ತಾನೇ, 200 ಯಾಕೆ ತಗೊಂಡ್ರು" ಅಂತ ಜಗಳವಾದದ್ದೂ ಉಂಟು. ಜೂನ್ 10ರವರೆಗೆ ಅವರ ಕೈಯಲ್ಲಿದ್ದದ್ದು ಹತ್ತು ಸಾವಿರ, ಅದಕ್ಕೇ 200.

ಬಡ್ಡಿ ಕಾಲಂ ಮೇಲಿಂದ ಕೆಳಗೆ ಇಳಿಯುತ್ತಾ ಬರುತ್ತಿದೆಯಾ ಅಂತ ಒಮ್ಮೆ ನೋಡಿ. ಪ್ರತಿ ತಿಂಗಳೂ 200, 200, 200 ಅಂತಲೇ ಇದ್ದರೆ ಮೂಲ ಸಾಲದ ಮೇಲೇ ಬಡ್ಡಿ ಹಾಕುತ್ತಿದ್ದಾರೆ ಅಂತ ಅರ್ಥ. ವ್ಯತ್ಯಾಸ ಸಣ್ಣದಲ್ಲ. 10,000ವನ್ನು ಹತ್ತು ಕಂತಿನಲ್ಲಿ ತಪ್ಪದೆ ಕಟ್ಟಿದರೆ ಇಳಿಕೆ ಬಾಕಿಯಲ್ಲಿ ಒಟ್ಟು ಬಡ್ಡಿ 1,100. ಮೂಲ ಸಾಲದ ಮೇಲಾದರೆ 2,000. ಎರಡು ರೂಪಾಯಿ ಬಡ್ಡಿ ಅಂತಲೇ ಎರಡನ್ನೂ ಕರೆಯುತ್ತಾರೆ, ಕಿವಿಗೆ ಒಂದೇ ಥರ ಕೇಳುತ್ತದೆ. ನಿಮ್ಮ ಸಂಘದ ನಿಯಮಾವಳಿಯಲ್ಲಿ ಏನು ಬರೆದಿದೆ ಅಂತ ಓದಿಸಿ ಕೇಳಿ.

4. ಕಡಿಮೆ ಕಟ್ಟಿದ ತಿಂಗಳು

ಈಗ ಆಗಸ್ಟ್ ಸಾಲಿಗೆ ಬನ್ನಿ. ಆ ತಿಂಗಳು ಅಕ್ಕನ ಕೈಯಲ್ಲಿ 500 ಮಾತ್ರ ಇತ್ತು. ಕಟ್ಟಬೇಕಾದದ್ದು 1,360. ಈ 500 ಹೇಗೆ ಹಂಚಿಹೋಯಿತು ನೋಡಿ. ಮೊದಲು ಉಳಿತಾಯ 200. ಆಮೇಲೆ 8,000ದ ಬಡ್ಡಿ 160. ಉಳಿದ 140 ಅಸಲಿಗೆ. ಬಾಕಿ 8,000ದಿಂದ 7,860ಕ್ಕೆ ಇಳಿಯಿತು.

"ಐನೂರು ಕಟ್ಟಿದೆ, ಸಾಲ ಬರೀ 140 ಇಳಿದಿದೆ" ಎನ್ನುವ ಪ್ರಶ್ನೆಗೆ ಉತ್ತರ ಇದು. ತಪ್ಪಿಲ್ಲ, ಕ್ರಮ ಹಾಗೆ. ಸಭೆಗೆ ಬಾರದಿದ್ದಕ್ಕೆ ಅಥವಾ ತಡವಾಗಿದ್ದಕ್ಕೆ ದಂಡ ಹಾಕುವ ಸಂಘವಾದರೆ ಅದೂ ಅಸಲಿಗಿಂತ ಮುಂಚೆ ಹೋಗುತ್ತದೆ. ದಂಡ 10 ರೂಪಾಯಿಯಾದರೂ ಅದರದ್ದೇ ಕಾಲಂನಲ್ಲಿ ಬರೆದಿರಬೇಕು. ಬಡ್ಡಿಯೊಳಗೆ ಸೇರಿಸಿ 170 ಅಂತ ಬರೆದರೆ ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರಲ್ಲ.

ಸೆಪ್ಟೆಂಬರಿನಲ್ಲಿ ಬಡ್ಡಿ 7,860ಕ್ಕೆ 157 ರೂಪಾಯಿ 20 ಪೈಸೆ. ಪೈಸೆ ಬಿಟ್ಟು 157 ಬರೆದಿದ್ದಾರೆ. ಹಿಂದಿನ ತಿಂಗಳ ಕೊರತೆ 860 ಮತ್ತು ಈ ತಿಂಗಳ 1,000 ಸೇರಿಸಿ 1,860 ಅಸಲು ಕಟ್ಟಿದರು, ಬಾಕಿ 6,000ಕ್ಕೆ ಬಂತು. ಅಲ್ಲಿಂದ ಮುಂದೆ ಪುಟ ಸಲೀಸು: ಬಡ್ಡಿ 120, 100, 80, 60, 40, 20. ಮಾರ್ಚ್ 10ಕ್ಕೆ ಬಾಕಿ ಸೊನ್ನೆ. ಬಡ್ಡಿ ಕಾಲಂ ಕೂಡಿಸಿದರೆ 1,117. ತಪ್ಪದೆ ಕಟ್ಟಿದ್ದರೆ 1,100 ಆಗುತ್ತಿತ್ತು. ಒಂದು ತಿಂಗಳು ತಡವಾದದ್ದಕ್ಕೆ ಆದ ಖರ್ಚು 17 ರೂಪಾಯಿ ಮಾತ್ರ. ಇದಕ್ಕಿಂತ ತುಂಬಾ ಜಾಸ್ತಿ ಆಗಿದ್ದರೆ ಲೆಕ್ಕದಲ್ಲೇ ಏನೋ ಇದೆ.

ಏನಿರಬಹುದು? ಸಾಮಾನ್ಯವಾಗಿ, ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸಿಬಿಟ್ಟಿರುತ್ತಾರೆ. ಆಗಸ್ಟಿನಲ್ಲಿ ಅಕ್ಕ ಸಭೆಗೇ ಹೋಗಲಿಲ್ಲ, ಏನೂ ಕಟ್ಟಲಿಲ್ಲ ಅಂದುಕೊಳ್ಳಿ. ಆಗ ಸೆಪ್ಟೆಂಬರಿನಲ್ಲಿ ಎರಡು ತಿಂಗಳ ಬಡ್ಡಿ, 160 ಮತ್ತು 160, ಒಟ್ಟು 320 ಆಗಬೇಕು. ಅದರ ಬದಲು ಬಾಕಿಯನ್ನು 8,160 ಅಂತ ಬರೆದು ಅದಕ್ಕೆ ಬಡ್ಡಿ ಹಾಕಿದರೆ ಬಡ್ಡಿಗೆ ಬಡ್ಡಿ ಬಿದ್ದ ಹಾಗೆ. ಒಂದು ತಿಂಗಳಲ್ಲಿ ವ್ಯತ್ಯಾಸ ಮೂರು ರೂಪಾಯಿ, ಯಾರೂ ಗಮನಿಸುವುದಿಲ್ಲ. ಆದರೆ ಬಾಣಂತನಕ್ಕೋ ಕಾಫಿ ತೋಟದ ಕೆಲಸಕ್ಕೋ ಊರು ಬಿಟ್ಟು ಎಂಟು ತಿಂಗಳು ಬಾರದ ಸದಸ್ಯೆಯ ಪುಟದಲ್ಲಿ ಅದು ಬೆಳೆಯುತ್ತಾ ಹೋಗುತ್ತದೆ. ಗುರುತು ಹಿಡಿಯುವುದು ಸುಲಭ: ಹೊಸ ಸಾಲ ಕೊಡದೆ ಬಾಕಿ ಕಾಲಂ ಮೇಲಕ್ಕೆ ಹೋಗಬಾರದು. "ಕೊಟ್ಟ ಸಾಲ" ಖಾಲಿ, ಬಾಕಿ ಮಾತ್ರ ಏರಿದೆ ಅಂದರೆ ಅಲ್ಲಿ ಪೆನ್ಸಿಲ್ ಗುರುತು ಹಾಕಿ.

ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಉಂಟು. ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಅಸಲಿನ ಕಾಲಂನಲ್ಲಿ ಗೆರೆ ಎಳೆದುಕೊಂಡು ಬರುವುದು. ದಂಡವಿಲ್ಲ, ಜಗಳವಿಲ್ಲ, ಎಲ್ಲ ಸರಿ ಇದೆ ಅನಿಸುತ್ತದೆ. 10,000 ಬಾಕಿ ವರ್ಷದ ಕೊನೆಗೂ 10,000ವೇ ಇರುತ್ತದೆ, ಬಡ್ಡಿ 2,400 ಹೋಗಿರುತ್ತದೆ. ಪುಸ್ತಕ ತಪ್ಪಿಲ್ಲ, ನಮ್ಮದೇ ಸಾಲ ಇಳಿದಿಲ್ಲ.

5. ಬಡ್ಡಿ ಪಾಲು: 1,117 ಕಟ್ಟಿ 600 ಪಡೆದದ್ದರ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಬನ್ನಿ. ಪಾಸ್‌ಬುಕ್ಕಿನಲ್ಲಿ ಬಡ್ಡಿ ಪಾಲು, ಲಾಭಾಂಶ ಅಂತ ಬರುವುದು ಒಂದೇ ಸಾಲು. ಅದರ ಹಿಂದಿನ ಲೆಕ್ಕ ಸಂಘದ ಪುಸ್ತಕದಲ್ಲಿರುತ್ತದೆ, ನಿಮ್ಮದರಲ್ಲಿ ಇರುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಬಡ್ಡಿ ಪಾಲು ನೀವು ಕಟ್ಟಿದ ಬಡ್ಡಿಯ ವಾಪಸಾತಿ ಅಲ್ಲ. ಸಾಲ ತೆಗೆದುಕೊಂಡವರಾಗಿ ನೀವು 1,117 ಕೊಟ್ಟಿರಿ. ಉಳಿತಾಯ ಇಟ್ಟವರಾಗಿ ನಿಮಗೆ ಪಾಲು ಬಂತು. ವರ್ಷವಿಡೀ ಒಂದು ರೂಪಾಯಿ ಸಾಲ ಮಾಡದ ಪಕ್ಕದ ಮನೆಯವರಿಗೂ ಉಳಿತಾಯ ನಿಮ್ಮಷ್ಟೇ ಇದ್ದರೆ ಪಾಲೂ ನಿಮ್ಮಷ್ಟೇ. ಮೊದಲ ಸಲ ಕೇಳಿದಾಗ ಅನ್ಯಾಯ ಅನಿಸುತ್ತದೆ. ಆದರೆ ಅವರ ದುಡ್ಡೂ ಸೇರಿಯೇ ನಿಮ್ಮ ಹತ್ತು ಸಾವಿರ ಆದದ್ದು ಅಲ್ವಾ?

ನಮ್ಮ ಸಂಘದ 2024-25ರ ಲೆಕ್ಕ ಹೀಗಿದೆ. ಎಲ್ಲರ ಆಂತರಿಕ ಸಾಲದಿಂದ ಬಂದ ಬಡ್ಡಿ 16,200. ಬ್ಯಾಂಕಿನ ಎಸ್‌ಬಿ ಖಾತೆಗೆ ಬಂದ ಬಡ್ಡಿ 700. ದಂಡ 300. ಒಟ್ಟು ಆದಾಯ 17,200. ಪುಸ್ತಕ, ಜೆರಾಕ್ಸ್, ಬ್ಯಾಂಕಿಗೆ ಹೋಗಿಬಂದ ಬಸ್ ಚಾರ್ಜು, ಪುಸ್ತಕ ಬರೆಯುವವರಿಗೆ ಕೊಟ್ಟದ್ದು ಸೇರಿ ಖರ್ಚು 1,600. ಉಳಿದದ್ದು 15,600. ಇದೇ ವರ್ಷದ ಲಾಭ.

ಎಲ್ಲವನ್ನೂ ಹಂಚಬೇಕೆಂದಿಲ್ಲ. ಎಷ್ಟು ಹಂಚಬೇಕು, ಹಂಚಲೇಬೇಕಾ ಅನ್ನುವುದನ್ನು ಸಭೆ ತೀರ್ಮಾನಿಸುತ್ತದೆ. ಇಡೀ ಲಾಭವನ್ನು ಸಂಘದಲ್ಲೇ ಬಿಟ್ಟು ಸಾಲಕ್ಕೆ ತಿರುಗಿಸುವ ಸಂಘಗಳೂ ಇವೆ. ನನಗೆ ಕೇಳಿದರೆ ಅದೇ ಒಳ್ಳೆಯದು, ಆದರೆ ಗೌರಿ ಹಬ್ಬಕ್ಕೆ ಒಂದಿಷ್ಟು ದುಡ್ಡು ಕೈಗೆ ಬರಲಿ ಅನ್ನುವವರ ಮಾತಿಗೂ ಅರ್ಥವಿದೆ. ಈ ಸಂಘ ಅರ್ಧ ಉಳಿಸಿಕೊಂಡು ಅರ್ಧ, ಅಂದರೆ 7,800 ಹಂಚಿತು.

ಇನ್ನು ಹಂಚುವ ರೀತಿ. ಈ ಸಂಘದಲ್ಲಿ 12 ಜನ ಅಕ್ಕನ ಜೊತೆಗೇ ಸೇರಿದವರು, ಅಕ್ಕನನ್ನೂ ಸೇರಿಸಿ. ಮಾರ್ಚ್ ಕೊನೆಗೆ ಅವರ ಉಳಿತಾಯ ತಲಾ 7,200. ಮೂವರು ಏಪ್ರಿಲ್ 2024ರಲ್ಲಿ ಹೊಸದಾಗಿ ಬಂದವರು, ಅವರದ್ದು ತಲಾ 2,400. ಎಲ್ಲ ಸೇರಿ 93,600.

ಉಳಿತಾಯದ ಮೇಲೆ ಹಂಚಿದರೆ ಲೆಕ್ಕ ಹೀಗೆ:

```
ನಿಮ್ಮ ಪಾಲು = ಹಂಚುವ ಮೊತ್ತ × ನಿಮ್ಮ ಉಳಿತಾಯ ÷ ಎಲ್ಲರ ಉಳಿತಾಯ
          = 7,800 × 7,200 ÷ 93,600
          = 600
```

ಹೊಸಬರಿಗೆ ಇದೇ ಲೆಕ್ಕದಲ್ಲಿ 200. ಸಮನಾಗಿ ತಲೆಗೆ ಹಂಚಿದ್ದರೆ ಎಲ್ಲರಿಗೂ 520 ಬರುತ್ತಿತ್ತು. ಮೂರು ವರ್ಷ ಕಟ್ಟಿದವರಿಗೂ ಒಂದು ವರ್ಷ ಕಟ್ಟಿದವರಿಗೂ ಒಂದೇ. ಎಲ್ಲರೂ ಒಟ್ಟಿಗೆ ಸೇರಿ, ಒಂದೇ ಸಮ ಕಟ್ಟಿದ ಸಂಘಕ್ಕೆ ತಲೆ ಲೆಕ್ಕ ಸಾಕು. ಹಳಬರು ಹೊಸಬರು ಬೆರೆತಿದ್ದರೆ ಅದು ಸರಿಹೋಗುವುದಿಲ್ಲ.

ಇನ್ನೂ ನಿಖರವಾದ ರೀತಿ ಒಂದಿದೆ. ದುಡ್ಡು ಎಷ್ಟು ತಿಂಗಳು ಸಂಘದಲ್ಲಿತ್ತು ಎನ್ನುವುದನ್ನೂ ಹಿಡಿಯುವುದು. ಪ್ರತಿ ತಿಂಗಳ ಒಟ್ಟು ಉಳಿತಾಯವನ್ನು ಕೂಡಿಸಿ 12ರಿಂದ ಭಾಗಿಸಿದರೆ ವರ್ಷದ ಸರಾಸರಿ ಉಳಿತಾಯ ಸಿಗುತ್ತದೆ. ಹಳಬರದ್ದು 6,100, ಹೊಸಬರದ್ದು 1,300. ಆ ಲೆಕ್ಕದಲ್ಲಿ ಹಳಬರಿಗೆ 617, ಹೊಸಬರಿಗೆ 132 ಬರುತ್ತದೆ. ಯಾರಾದರೂ ಮಾರ್ಚ್ ತಿಂಗಳಲ್ಲಿ ಒಟ್ಟಿಗೆ ಮೂರು ಸಾವಿರ ಹೆಚ್ಚುವರಿ ಉಳಿತಾಯ ಕಟ್ಟಿ ಏಪ್ರಿಲಿನಲ್ಲಿ ಪಾಲು ಕೇಳುವ ಜಾಣತನವಿದ್ದರೆ ಈ ಸರಾಸರಿ ಲೆಕ್ಕದಲ್ಲಿ ನಡೆಯುವುದಿಲ್ಲ.

ನಿಮ್ಮ ಸಂಘ ಯಾವ ರೀತಿ ಹಿಡಿದಿದೆ ಅನ್ನುವುದು ನಡಾವಳಿ ಪುಸ್ತಕದಲ್ಲಿ ಇರಬೇಕು. ಸಭೆಯ ಠರಾವುಗಳನ್ನು ಬರೆಯುವ ಪುಸ್ತಕ ಅದು. ಅದರಲ್ಲಿ ಎರಡು ಸಂಖ್ಯೆ ಕೇಳಿ: ಹಂಚಿದ ಮೊತ್ತ ಎಷ್ಟು, ಎಲ್ಲರ ಉಳಿತಾಯ ಎಷ್ಟು. ಅವೆರಡು ಸಿಕ್ಕರೆ ನಿಮ್ಮ ಪಾಲನ್ನು ಕ್ಯಾಲ್ಕುಲೇಟರಿನಲ್ಲಿ ನೀವೇ ತೆಗೆಯಬಹುದು.

ಆಮೇಲೆ ಆ 600 ಪಾಸ್‌ಬುಕ್ಕಿನಲ್ಲಿ ಹೇಗೆ ಕೂತಿದೆ ನೋಡಿ. ಕೈಗೆ ಕೊಟ್ಟಿದ್ದರೆ ಉಳಿತಾಯ 7,200ವೇ ಇರಬೇಕು, ಪಾಲು ಪಡೆದದ್ದಕ್ಕೆ ಸಹಿ ಇರಬೇಕು. ಉಳಿತಾಯಕ್ಕೆ ಸೇರಿಸಿದ್ದರೆ ಒಟ್ಟು 7,800 ಆಗಬೇಕು. ಸಾಲ ಬಾಕಿ ಇರುವವರಿಗೆ ಪಾಲನ್ನು ಸಾಲಕ್ಕೆ ಹಿಡಿದುಕೊಳ್ಳುವುದೂ ಉಂಟು. ಹಾಗಾದರೆ ಸಾಲದ ಬಾಕಿ 600 ಇಳಿದಿರಬೇಕು. ಈ ಮೂರರಲ್ಲಿ ಯಾವುದೂ ಆಗದೆ "ಬಡ್ಡಿ ಪಾಲು 600" ಅಂತ ಸುಮ್ನೆ ಒಂದು ಸಾಲು ಇದ್ದರೆ ಆ ದುಡ್ಡು ಎಲ್ಲೂ ಬಂದಿಲ್ಲ.

ಹಂಚದೆ ಉಳಿಸಿಕೊಂಡ 7,800ರಲ್ಲೂ ನಿಮ್ಮ ಪಾಲಿದೆ. ಅದು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಸಂಘ ಬಿಡುವಾಗ ಅದು ಸಿಗುತ್ತದಾ, ಬರೀ ಉಳಿತಾಯ ಮಾತ್ರವಾ ಅನ್ನುವುದು ನಿಯಮಾವಳಿಗೆ ಬಿಟ್ಟದ್ದು. ಬಿಡುವ ದಿನ ಕೇಳುವುದಕ್ಕಿಂತ ಈಗಲೇ ಕೇಳಿಟ್ಟುಕೊಳ್ಳುವುದು ವಾಸಿ.

6. ಸಂಘದ ಪುಸ್ತಕದ ಜೊತೆ ತಾಳೆ

ನಿಮ್ಮ ಪಾಸ್‌ಬುಕ್ ಒಳಗಿಂದೊಳಗೆ ಸರಿ ಇದ್ದರೂ ಸಂಘದ ಲೆಡ್ಜರಿನಲ್ಲಿ ಬೇರೆ ಬರೆದಿರಬಹುದು. ಲೆಡ್ಜರ್ ಅಂದರೆ ಪ್ರತಿ ಸದಸ್ಯೆಗೂ ಒಂದೊಂದು ಪುಟ ಇರುವ ದೊಡ್ಡ ಪುಸ್ತಕ. ವರ್ಷಕ್ಕೆ ಎರಡು ಸಲವಾದರೂ ನಿಮ್ಮ ಪುಟ ತೆರೆಸಿ ಎರಡೇ ಸಂಖ್ಯೆ ನೋಡಿ: ಒಟ್ಟು ಉಳಿತಾಯ, ಸಾಲ ಬಾಕಿ. ಎರಡೂ ಪುಸ್ತಕದಲ್ಲಿ ಒಂದೇ ಇರಬೇಕು.

ಒಂದು ಹೆಜ್ಜೆ ಮುಂದೆ ಹೋಗುವವರಿಗೆ ಇಡೀ ಸಂಘದ ತಾಳೆ. ಮಾರ್ಚ್ ಕೊನೆಗೆ, ಹಂಚಿಕೆ ಮುಗಿದ ಮೇಲೆ, ನಮ್ಮ ಸಂಘದಲ್ಲಿ ಎಲ್ಲರ ಉಳಿತಾಯ 93,600. ಹಿಂದಿನ ವರ್ಷಗಳಿಂದ ಉಳಿಸಿಕೊಂಡ ಲಾಭ 14,400, ಈ ವರ್ಷದ 7,800. ಎಲ್ಲ ಸೇರಿ 1,15,800. ಇದು ಸಂಘದ ದುಡ್ಡು. ಇದು ಎಲ್ಲಿದೆ? ಸದಸ್ಯರ ಕೈಯಲ್ಲಿ ಸಾಲವಾಗಿ 82,000, ಬ್ಯಾಂಕಿನಲ್ಲಿ 32,600, ಪೆಟ್ಟಿಗೆಯಲ್ಲಿ ನಗದು 1,200. ಕೂಡಿಸಿ, 1,15,800 ಬರುತ್ತದೆ.

"ನಮ್ಮ ಉಳಿತಾಯವೇ ತೊಂಬತ್ತು ಸಾವಿರ ಚಿಲ್ಲರೆ, ಬ್ಯಾಂಕಿನಲ್ಲಿ ಮೂವತ್ತೆರಡೇ ಇದೆ" ಅಂತ ಬ್ಯಾಂಕ್ ಪಾಸ್‌ಬುಕ್ ನೋಡಿದವರು ಗಾಬರಿಯಾಗುವುದು ಇಲ್ಲಿಯೇ. ಮಿಕ್ಕದ್ದು ಸಾಲದಲ್ಲಿದೆ. ಎರಡೂ ಕಡೆಯ ಕೂಡಿಕೆ ಒಂದೇ ಆದರೆ ಪುಸ್ತಕಗಳು ಒಂದಕ್ಕೊಂದು ಹೊಂದುತ್ತಿವೆ ಅಂತ ಅರ್ಥ. ಆದರೆ ಬ್ಯಾಂಕಿನ ಸಂಖ್ಯೆಯನ್ನು ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ನೋಡಬೇಕು, ನಗದನ್ನು ಎಣಿಸಿಯೇ ನೋಡಬೇಕು. ಬಾಯಲ್ಲಿ ಹೇಳಿದ ಸಂಖ್ಯೆ ಯಾವಾಗಲೂ ತಾಳೆಯಾಗುತ್ತದೆ. ಬ್ಯಾಂಕ್ ಸಾಲವೋ ಒಕ್ಕೂಟದ ಸಾಲವೋ ಇದ್ದರೆ ಸಂಘ ಅವರಿಗೆ ಕೊಡಬೇಕಾದ ಬಾಕಿಯನ್ನು ಮೊದಲ ಕಡೆ ಸೇರಿಸಿ, ಆ ದುಡ್ಡಿನಿಂದ ಸದಸ್ಯರಿಗೆ ಕೊಟ್ಟ ಸಾಲದ ಬಾಕಿಯನ್ನು ಎರಡನೇ ಕಡೆ ಸೇರಿಸಿ.

7. ತಪ್ಪು ಸಿಕ್ಕರೆ

ಪೆನ್ಸಿಲ್ ಗುರುತು ಹಾಕಿದ ಪುಟದ ಫೋಟೋ ಮೊದಲು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಪುಸ್ತಕ ಬರೆಯುವವರ ಹತ್ತಿರ ಸಭೆಗೆ ಮುಂಚೆಯೇ ಒಮ್ಮೆ ಕೇಳಿ. "ಅಕ್ಕಾ, ಈ ಸಾಲು ನನಗೆ ಅರ್ಥ ಆಗಲಿಲ್ಲ, ಒಂದ್ಸಲ ಹೇಳಿಕೊಡ್ತೀರಾ" ಅಂದರೆ ಸಾಕು. ಹೆಚ್ಚಿನವು ಅಲ್ಲೇ ಮುಗಿಯುತ್ತವೆ, ಯಾಕೆಂದರೆ ಹೆಚ್ಚಿನವು ಕೂಡಿಕೆಯ ತಪ್ಪುಗಳೇ. ಮುಗಿಯದಿದ್ದರೆ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ತಿದ್ದುವಾಗ ಹಳೆಯ ಸಂಖ್ಯೆಯ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದ ಸಂಖ್ಯೆ, ತಾರೀಖು, ಸಹಿ. ವೈಟ್ನರ್ ಹಚ್ಚಿದ್ದರೆ, 3ನ್ನು 8 ಮಾಡಿದ್ದರೆ ಒಪ್ಪಿಕೊಳ್ಳಬೇಡಿ. ತಿದ್ದಿದ್ದನ್ನು ಅದೇ ದಿನ ಲೆಡ್ಜರಿನಲ್ಲೂ ತಿದ್ದಿಸಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ತಪ್ಪು ಅಲ್ಲಿಂದ ಮತ್ತೆ ಇಳಿದು ಬರುತ್ತದೆ.

ಇತ್ತೀಚೆಗೆ ಹೊಸದೊಂದು ತೊಡಕು ಶುರುವಾಗಿದೆ. ಸಭೆಗೆ ಬರಲಾಗದವರು ಕಂತನ್ನು ಪ್ರತಿನಿಧಿಯ ಫೋನಿಗೆ ಫೋನ್‌ಪೇಯಲ್ಲಿ ಹಾಕುತ್ತಾರೆ. ಪ್ರತಿನಿಧಿ ಅಂದರೆ ಸಂಘದ ಪರವಾಗಿ ಬ್ಯಾಂಕಿನಲ್ಲಿ ಸಹಿ ಮಾಡುವವರು. ದುಡ್ಡು ಹೋಯಿತು, ಮೆಸೇಜೂ ಬಂತು, ಪಾಸ್‌ಬುಕ್ ಮಾತ್ರ ಮನೆಯಲ್ಲೇ ಉಳಿಯಿತು. ಮುಂದಿನ ಸಭೆಯಲ್ಲಿ ಹಿಂದಿನ ತಿಂಗಳ ಸಾಲು ಬರೆಸಲು ಇಬ್ಬರಿಗೂ ಮರೆಯುತ್ತದೆ. ಹೀಗೆ ಕಟ್ಟಿದ್ದರೆ ಆ ಮೆಸೇಜಿನ ತಾರೀಖನ್ನು ಪಾಸ್‌ಬುಕ್ಕಿನ ಒಳಗೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಭೆಯಲ್ಲಿ ಹೊಸ ಕಂತು ಕೊಡುವ ಮುಂಚೆ ಹಳೆಯ ಸಾಲು ಬರೆಸಿ, ಸಹಿ ಆದ ಮೇಲೆ ಚೀಟಿ ತೆಗೆಯಿರಿ.